ಪ್ರತಿಜ್ಞೆಯೂ ಪೋಷಣೆಯೂ: ವಿದ್ಯಾರ್ಥಿಯ ವಾದಪ್ರಬಂಧವನ್ನು ಪರೀಕ್ಷಿಸುವ ಕ್ರಮ

ವಾದಕ್ಕೆ ಅವಶ್ಯವಾದ ಅಂಗಗಳು ಎರಡೇ, ವಿಷಯವನ್ನು ಪ್ರತಿಪಾದಿಸುವುದು ಮತ್ತು ಪ್ರತಿಪಾದಿಸಿದ್ದನ್ನು ಸಾಧಿಸಿ ತೋರಿಸುವುದು ಎಂದು ಅರಿಸ್ಟಾಟಲನು ಭಾಷಣಕಲೆಯನ್ನು ಕುರಿತ ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ನಿರ್ಣಯಿಸಿದ್ದಾನೆ. ಪೀಠಿಕೆ, ಉಪಸಂಹಾರ ಮೊದಲಾದವು ಸಂದರ್ಭಾನುಸಾರವಾಗಿ ಬರಬಹುದು, ಬಾರದೆಯೂ ಇರಬಹುದು. ಆದರೆ ಈ ಎರಡರಲ್ಲಿ ಒಂದು ಲೋಪವಾದರೂ ವಾದವು ವಾದವೆನಿಸದು. ಕಾಲೇಜಿನ ವಿದ್ಯಾರ್ಥಿ ಬರೆದುಕೊಟ್ಟ ವಾದಪ್ರಬಂಧವನ್ನು ಕೈಗೆತ್ತಿಕೊಂಡ ಅಧ್ಯಾಪಕನು ಮೊದಲು ಕೇಳಬೇಕಾದ ಪ್ರಶ್ನೆಗಳೂ ಆದ್ದರಿಂದ ಎರಡೇ: ಈ ಬರಹ ಯಾವ ಮಾತನ್ನು ಸಾಧಿಸಹೊರಟಿದೆ? ಇದರ ಒಂದೊಂದು ಪ್ಯಾರಾವೂ ಆ ಮಾತಿಗೆ ಏನನ್ನು ಮಾಡಿಕೊಡುತ್ತಿದೆ? ಪ್ರಶ್ನೆಗಳು ಸರಳ, ಆದರೆ ಅವುಗಳಿಗೆ ಉತ್ತರವನ್ನು ಕಂಡುಕೊಳ್ಳುವ ಕ್ರಮ ಅಷ್ಟು ಸರಳವಲ್ಲ. ಆ ಕ್ರಮದ ವಿಷಯದಲ್ಲಿ ಪೂರ್ವಿಕರೂ ಆಧುನಿಕರೂ ಹೇಳಿರುವುದನ್ನು ಸಮೀಕ್ಷಿಸಿ, ಒಂದು ದೃಷ್ಟಾಂತದಲ್ಲಿ ಅದನ್ನು ನಡೆಸಿ ನೋಡುವುದು ಈ ಲೇಖನದ ಉದ್ದೇಶ.

ನಮ್ಮ ದೇಶದ ನೈಯಾಯಿಕರು ವಾದವಾಕ್ಯಕ್ಕೆ ಐದು ಅವಯವಗಳನ್ನು ಹೇಳಿದರು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದರಿಂದ ಎಂಬುದು ಹೇತು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡಿಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಅದರ ಮೇಲೆ ಈ ಬೆಟ್ಟವೂ ಅಂಥ ಹೊಗೆಯುಳ್ಳದ್ದು ಎಂದು ಸಾಮಾನ್ಯ ನಿಯಮವನ್ನು ಪ್ರಕೃತಕ್ಕೆ ಅನ್ವಯಿಸುವುದು ಉಪನಯ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂದು ಪ್ರತಿಜ್ಞೆಯನ್ನೇ ಸಿದ್ಧಾಂತರೂಪವಾಗಿ ಮರಳಿ ಹೇಳುವುದು ನಿಗಮನ. ಇದರಲ್ಲಿ ಗಮನಾರ್ಹವಾದ ಅಂಶವೇನೆಂದರೆ, ಮೊದಲು ಹೇಳಿದ್ದೂ ಕಡೆಯಲ್ಲಿ ಹೇಳಿದ್ದೂ ಒಂದೇ ಮಾತಾಗಿರಬೇಕು ಎಂಬುದು. ಅಷ್ಟು ಮಾತ್ರವಲ್ಲ, ಗೌತಮನ ನ್ಯಾಯಸೂತ್ರಗಳ ಐದನೆಯ ಅಧ್ಯಾಯವು ವಾದಿಯು ಸೋತನೆಂದು ತೀರ್ಮಾನಿಸುವ ಸಂದರ್ಭಗಳನ್ನು ನಿಗ್ರಹಸ್ಥಾನಗಳೆಂಬ ಹೆಸರಿನಿಂದ 22 ಬಗೆಯಾಗಿ ಎಣಿಸುತ್ತದೆ. ಅವುಗಳಲ್ಲಿ ಪ್ರತಿಜ್ಞೆಯನ್ನು ನಡುವೆ ಬದಲಾಯಿಸುವ ಪ್ರತಿಜ್ಞಾಂತರ, ಪ್ರತಿಜ್ಞೆಗೂ ಹೇತುವಿಗೂ ಪರಸ್ಪರ ವಿರೋಧ ಬೀಳುವ ಪ್ರತಿಜ್ಞಾವಿರೋಧ, ಪ್ರಕೃತಕ್ಕೆ ಸಂಬಂಧವಿಲ್ಲದ್ದನ್ನು ಹೇಳುವ ಅರ್ಥಾಂತರ, ಹೇಳಿದ್ದನ್ನೇ ಹೇಳುವ ಪುನರುಕ್ತ ಎಂಬ ನಾಲ್ಕನ್ನು ಬಲ್ಲ ಅಧ್ಯಾಪಕನು ವಿದ್ಯಾರ್ಥಿಗಳ ಪ್ರಬಂಧದಲ್ಲಿ ಕಾಣುವ ದೋಷಗಳಲ್ಲಿ ಬಹುಭಾಗವನ್ನು ಹೆಸರಿಟ್ಟು ಗುರುತಿಸಬಲ್ಲನು.

ಮೀಮಾಂಸಕರ ಉಪಕಾರ ಬೇರೊಂದು ಬಗೆಯದು. ನೈಯಾಯಿಕನು ವಾದವನ್ನು ಕಟ್ಟುವವನ ದೃಷ್ಟಿಯಿಂದ ಹೇಳಿದರೆ, ಮೀಮಾಂಸಕನು ಮುಂದಿರುವ ಗ್ರಂಥವನ್ನು ಓದುವವನ ದೃಷ್ಟಿಯಿಂದ ಹೇಳುತ್ತಾನೆ. ಗ್ರಂಥವೊಂದರ ತಾತ್ಪರ್ಯವೇನು ಎಂದು ಸಂಶಯ ಬಂದಾಗ ನಿರ್ಣಯಕ್ಕೆ ಆರು ಲಿಂಗಗಳು, ಎಂದರೆ ಗುರುತುಗಳು, ಹೇಳಲ್ಪಟ್ಟಿವೆ. ಅವುಗಳಲ್ಲಿ ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರಗಳ ಐಕ್ಯ. ಎರಡನೆಯದು ಅಭ್ಯಾಸ, ಅಂದರೆ ಯಾವ ಮಾತು ಮರಳಿ ಮರಳಿ ಬರುತ್ತದೆ ಎಂಬುದು. ಕಡೆಯದು ಉಪಪತ್ತಿ, ಅಂದರೆ ಗ್ರಂಥದ ಯುಕ್ತಿಗಳು ಯಾವ ಮಾತಿನ ಕಡೆಗೆ ವಾಲುತ್ತವೆ ಎಂಬುದು. ಶ್ರುತಿವಾಕ್ಯಗಳಿಗಾಗಿ ಹುಟ್ಟಿದ ಈ ಮಾನಗಳನ್ನು ತರಗತಿಯ ಪ್ರಬಂಧಕ್ಕೆ ಹಿಡಿಯುವುದು ಅತಿಯೆಂದು ತೋರಬಹುದು. ಆದರೆ ಲೇಖಕನ ಬಾಯಿಂದ ಕೇಳದೆ, ಬರಹದಿಂದಲೇ ಅದರ ಅಭಿಪ್ರಾಯವನ್ನು ತೆಗೆಯಬೇಕಾದ ಕಷ್ಟ ಎರಡೆಡೆಯಲ್ಲಿಯೂ ಒಂದೇ ಆದುದರಿಂದ, ಉಪಾಯವೂ ಒಂದೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ.

ಪಾಶ್ಚಾತ್ಯರಲ್ಲಿ ಪ್ಯಾರಾವನ್ನೇ ವಿಚಾರಕ್ಕೆ ತೆಗೆದುಕೊಂಡು ಅದಕ್ಕೆ ನಿಯಮಗಳನ್ನು ವಿಧಿಸಿದ ಕೀರ್ತಿ ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ ಎಂಬ ಪಂಡಿತನಿಗೆ ಸಲ್ಲುತ್ತದೆ. 1866ರಲ್ಲಿ ಪ್ರಕಟವಾದ ಆತನ ರಚನಾಶಾಸ್ತ್ರದ ಪುಸ್ತಕದಲ್ಲಿ, ಪ್ಯಾರಾವು ಏಕೋದ್ದೇಶವುಳ್ಳದ್ದಾಗಿರಬೇಕು, ಅದರ ಆರಂಭದ ವಾಕ್ಯವು ವಿಷಯವನ್ನು ಸೂಚಿಸಬೇಕು ಎಂಬ ವಿಧಿಗಳಿವೆ. ಇಂದಿಗೂ ನಮ್ಮ ಕಾಲೇಜುಗಳಲ್ಲಿ ಹೇಳಿಕೊಡುವ ಪಾಠ ಬಹುಮಟ್ಟಿಗೆ ಇದೇ. ಸುಮಾರು ನೂರು ವರ್ಷಗಳ ತರುವಾಯ, 1958ರಲ್ಲಿ, ಸ್ಟೀಫನ್ ಟೂಲ್ಮಿನ್ ಎಂಬ ಇಂಗ್ಲಿಷ್ ತತ್ತ್ವಜ್ಞನು ವಾದದ ಸ್ವರೂಪವನ್ನು ಕುರಿತ ತನ್ನ ಗ್ರಂಥದಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಎತ್ತಿ ತೋರಿಸಿದನು: ಪ್ರತಿಪಾದನೆಗೂ ಅದಕ್ಕೆ ಕೊಟ್ಟ ಪ್ರಮಾಣಕ್ಕೂ ನಡುವೆ ಇವೆರಡನ್ನೂ ಜೋಡಿಸುವ ಸಾಮಾನ್ಯ ನಿಯಮವೊಂದಿರುತ್ತದೆ, ಬಹಳ ವೇಳೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ವಾದವು ಮುರಿಯುವುದು ಅನೇಕಸಲ ಅಲ್ಲಿಯೇ ಎಂಬುದು. ನೈಯಾಯಿಕರು ವ್ಯಾಪ್ತಿಯೆಂದು ಕರೆದುದಕ್ಕೆ ಇದು ಬಹು ಸಮೀಪದ್ದು.

ಇಷ್ಟನ್ನು ಹಿನ್ನೆಲೆಯಾಗಿಟ್ಟುಕೊಂಡು ಪ್ರಯೋಗಕ್ಕೆ ಬರೋಣ. ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ‘ಬಯಲುಸೀಮೆಯಲ್ಲಿ ನೀಲಗಿರಿ’ ಎಂಬ ತಲೆಬರಹದ ಕೆಳಗೆ ಎಂಟು ಪ್ಯಾರಾಗಳ ಒಂದು ಪ್ರಬಂಧವನ್ನು ಬರೆದಿದ್ದಾನೆಂದು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳೋಣ. ಮೊದಲನೆಯ ಪ್ಯಾರಾದಲ್ಲಿ, ಜಲವೇ ಜೀವಕ್ಕೆ ಆಧಾರ, ನೀಲಗಿರಿಯ ವಿಷಯದಲ್ಲಿ ಪರವಿರೋಧ ಅಭಿಪ್ರಾಯಗಳಿವೆ, ಅದರ ಸಾಧಕಬಾಧಕಗಳನ್ನು ಮುಂದೆ ಚರ್ಚಿಸಲಾಗುವುದು ಎಂದಿದೆ. ಎರಡನೆಯದು ಈ ಮರ ಆಸ್ಟ್ರೇಲಿಯಾದಿಂದ ಬಂದ ಕಥೆಯನ್ನೂ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಸರ್ಕಾರವೇ ಅದನ್ನು ರೈತರಲ್ಲಿ ಹರಡಿಸಿದ ಕಥೆಯನ್ನೂ ಹೇಳುತ್ತದೆ. ಮೂರನೆಯದು ಅದರ ಬೇರು ಆಳಕ್ಕಿಳಿದು ಬೇಸಗೆಯಲ್ಲಿಯೂ ನೀರನ್ನು ಎಳೆಯುತ್ತದೆ ಎನ್ನುತ್ತದೆ. ನಾಲ್ಕನೆಯದು ಕೋಲಾರ ಜಿಲ್ಲೆಯ ಕೊಳವೆಬಾವಿಗಳು ಸಾವಿರ ಅಡಿಗೂ ಮಿಕ್ಕಿ ಆಳಕ್ಕೆ ಹೋಗಿರುವುದನ್ನು ಹೇಳುತ್ತದೆ. ಐದನೆಯದರಲ್ಲಿ, ಆಳುಕಾಳು ಬೇಡದ, ದನ ಮೇಯದ, ಕಡಿದಾಗ ಕೈಗೆ ಹಣ ಬರುವ ಬೆಳೆಯಾದ್ದರಿಂದ ರೈತರು ಇದನ್ನು ಬಯಸುತ್ತಾರೆಂದು ವಿವರಿಸಿದೆ. ಆರನೆಯದು ನೀಲಗಿರಿ ಎಣ್ಣೆ ನೆಗಡಿಗೆ ಔಷಧವೆಂದು ತಿಳಿಸುತ್ತದೆ. ಏಳನೆಯದು, 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರೂ, ಕಡಿದ ಬುಡದಿಂದ ಮತ್ತೆ ಕೂಳೆ ಚಿಗುರುವುದರಿಂದ ಹಳೆಯ ತೋಪುಗಳು ಹಾಗೆಯೇ ನಿಂತಿವೆ ಎನ್ನುತ್ತದೆ. ಎಂಟನೆಯದು, ಆದ್ದರಿಂದ ಇರುವ ತೋಪುಗಳನ್ನು ಬುಡಸಹಿತ ತೆಗೆಸಿ ರೈತರಿಗೆ ಪರಿಹಾರ ಕೊಡಬೇಕು, ಕೆರೆಗಳ ಹೂಳನ್ನೂ ಎತ್ತಿಸಬೇಕು ಎಂದು ಮುಗಿಯುತ್ತದೆ.

ಓದಲು ಇದು ಕೆಟ್ಟ ಪ್ರಬಂಧವೇನೂ ಅಲ್ಲ. ವಾಕ್ಯಗಳು ಶುದ್ಧವಾಗಿರಬಹುದು, ಸಂಗತಿಗಳು ನಿಜವೂ ಇರಬಹುದು. ಆದರೆ ಇದರ ಪ್ರತಿಜ್ಞೆ ಯಾವುದು? ಉಪಕ್ರಮದಲ್ಲಿ ಹುಡುಕಿದರೆ ಚರ್ಚಿಸಲಾಗುವುದು ಎಂಬ ಘೋಷಣೆ ಮಾತ್ರ ಸಿಗುತ್ತದೆ. ಲೇಖಕನು ಏನನ್ನೋ ಮಾಡಲಿದ್ದಾನೆ ಎಂಬುದು ತಿಳಿಯುತ್ತದೆಯೇ ಹೊರತು ಏನನ್ನು ನಂಬಿದ್ದಾನೆ ಎಂಬುದು ತಿಳಿಯುವುದಿಲ್ಲ. ಉಪಸಂಹಾರದಲ್ಲಾದರೋ ಸ್ಪಷ್ಟವಾದ ಒಂದು ನಿಲುವಿದೆ. ಕಾಲೇಜು ಪ್ರಬಂಧಗಳಲ್ಲಿ ಇದು ಅತ್ಯಂತ ಸಾಮಾನ್ಯವಾದ ಸ್ಥಿತಿ. ವಿದ್ಯಾರ್ಥಿ ಬರೆಯುತ್ತ ಬರೆಯುತ್ತ ತನ್ನ ಅಭಿಪ್ರಾಯವನ್ನು ಕಂಡುಕೊಳ್ಳುತ್ತಾನೆ, ಕಂಡುಕೊಂಡ ಹೊತ್ತಿಗೆ ಕಾಗದ ಮುಗಿದಿರುತ್ತದೆ, ಹಿಂದಿರುಗಿ ಮೊದಲ ಪ್ಯಾರಾವನ್ನು ತಿದ್ದುವ ಅಭ್ಯಾಸ ಅವನಿಗಿರುವುದಿಲ್ಲ. ಆದುದರಿಂದ ಪರೀಕ್ಷಕನು ಮೊದಲ ಪ್ಯಾರಾದ ತರುವಾಯ ನೇರವಾಗಿ ಕಡೆಯ ಪ್ಯಾರಾವನ್ನು ಓದಿ, ಎರಡನ್ನೂ ಹೋಲಿಸಿ, ಅನಂತರ ಮಧ್ಯಕ್ಕೆ ಹೋಗುವುದು ಯುಕ್ತ. ಎರಡೂ ಕಡೆ ಒಂದೇ ಮಾತಿದ್ದರೆ ಪ್ರತಿಜ್ಞೆ ಸ್ಥಿರವಾಗಿದೆ. ಕಡೆಯಲ್ಲಿ ಮಾತ್ರ ಇದ್ದರೆ ಅದನ್ನು ಮೇಲಕ್ಕೆ ತರಬೇಕು. ಎರಡೂ ಕಡೆ ಬೇರೆ ಬೇರೆ ಮಾತಿದ್ದರೆ ಪ್ರತಿಜ್ಞಾಂತರವಾಗಿದೆ, ಯಾವುದನ್ನು ಉಳಿಸಿಕೊಳ್ಳುವುದೆಂದು ವಿದ್ಯಾರ್ಥಿಯೇ ತೀರ್ಮಾನಿಸಬೇಕು.

ಸಿಕ್ಕಿದ ವಾಕ್ಯವು ಪ್ರತಿಜ್ಞೆಯೆನಿಸಲು ಯೋಗ್ಯವೇ ಎಂಬುದಕ್ಕೆ ಒಳ್ಳೆಯ ಪರೀಕ್ಷೆಯೆಂದರೆ ಅದನ್ನು ನಿಷೇಧರೂಪದಲ್ಲಿ ಬರೆದು ನೋಡುವುದು. ‘ನೀಲಗಿರಿಯ ಸಾಧಕಬಾಧಕಗಳು’ ಎಂಬುದನ್ನು ನಿಷೇಧಿಸಲು ಬರುವುದೇ ಇಲ್ಲ, ಏಕೆಂದರೆ ಅದು ವಿಷಯದ ಹೆಸರೇ ಹೊರತು ವಾಕ್ಯವಲ್ಲ. ‘ಪರಿಸರವನ್ನು ಉಳಿಸಬೇಕು’ ಎಂಬುದನ್ನು ನಿಷೇಧಿಸಿದರೆ ಪರಿಸರವನ್ನು ಉಳಿಸಬಾರದು ಎಂದಾಗುತ್ತದೆ, ಹಾಗೆನ್ನುವವರು ಯಾರೂ ಇಲ್ಲ. ಪ್ರತಿವಾದಿಯೇ ಇಲ್ಲದ ಕಡೆ ವಾದಕ್ಕೆ ಅವಕಾಶವಿಲ್ಲ. ‘ನೀಲಗಿರಿ ಬುಡದಿಂದ ಮತ್ತೆ ಚಿಗುರುತ್ತದೆ’ ಎಂಬುದು ನೋಡಿ ತೀರ್ಮಾನಿಸುವ ವಾಸ್ತವಾಂಶ. ಅದು ಪ್ರಮಾಣವಾಗಬಹುದು, ಪ್ರತಿಜ್ಞೆಯಾಗಲಾರದು. ‘ಇರುವ ತೋಪುಗಳನ್ನು ತೆಗೆಸಬೇಕು’ ಎಂಬುದನ್ನಾದರೋ, ತೆಗೆಸಬೇಕಾಗಿಲ್ಲ, ನಿಷೇಧವೇ ಸಾಕು ಎಂದು ವಿವೇಕಿಯಾದ ರೈತನೊಬ್ಬನು ಎದುರಿಸಬಲ್ಲನು. ಆದುದರಿಂದ ಇದು ವಾದಕ್ಕೆ ಅರ್ಹವಾದ ಮಾತು. ಇದಕ್ಕೆ ಕಾರಣವನ್ನೂ ಮೇರೆಯನ್ನೂ ಕೂಡಿಸಿದರೆ ಪ್ರತಿಜ್ಞೆ ಪೂರ್ಣವಾಗುತ್ತದೆ: ‘2017ರ ನಿಷೇಧವು ಹೊಸ ನಾಟಿಯನ್ನು ಮಾತ್ರ ತಡೆಯುತ್ತದೆ; ಕಡಿದ ಬುಡ ಮತ್ತೆ ಚಿಗುರಿ ನೀರನ್ನು ಎಳೆಯುತ್ತಲೇ ಇರುವುದರಿಂದ, ಬಯಲುಸೀಮೆಯಲ್ಲಿ ಈಗಿರುವ ತೋಪುಗಳನ್ನು ಸರ್ಕಾರವು ರೈತರಿಗೆ ಪರಿಹಾರ ಕೊಟ್ಟು ಬುಡಸಹಿತ ತೆಗೆಸಬೇಕು.’ ಇಲ್ಲಿ ಯಾರು, ಎಲ್ಲಿ, ಏನು ಮಾಡಬೇಕು, ಏಕೆ ಎಂಬ ನಾಲ್ಕೂ ಇವೆ. ಪ್ರಬಂಧದಲ್ಲಿ ಇರಬೇಕಾದ ಪ್ಯಾರಾಗಳು ಯಾವುವು ಎಂಬುದು ಈ ಒಂದು ವಾಕ್ಯದಿಂದಲೇ ಗೊತ್ತಾಗುತ್ತದೆ.

ಈಗ ಎರಡನೆಯ ಪ್ರಶ್ನೆ. ಪ್ಯಾರಾಗಳಿಗೆ ಅಂಕೆ ಹಾಕಿ, ಒಂದೊಂದರ ಅಂಚಿನಲ್ಲಿಯೂ ಅದು ಹೇಳುವುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಆ ವಾಕ್ಯವು ಕ್ರಿಯಾಪದದಿಂದ ಮುಗಿಯುವ ಪೂರ್ಣವಾಕ್ಯವಾಗಿರತಕ್ಕದ್ದು. ‘ಕೊಳವೆಬಾವಿಗಳ ಬಗ್ಗೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಬಗ್ಗೆ’ ಎಂದಲ್ಲದೆ ಬೇರೆ ರೀತಿಯಲ್ಲಿ ಬರೆಯಲು ಸಾಧ್ಯವೇ ಆಗದಿದ್ದರೆ ಆ ಪ್ಯಾರಾ ಏನನ್ನೂ ಪ್ರತಿಪಾದಿಸುತ್ತಿಲ್ಲವೆಂದು ತಿಳಿಯಬೇಕು. ಎರಡು ವಾಕ್ಯಗಳು ಬೇಕಾದರೆ ಅದರಲ್ಲಿ ಎರಡು ಪ್ಯಾರಾಗಳು ಸೇರಿಹೋಗಿವೆ. ಇದಾದ ಮೇಲೆ ಪ್ರಬಂಧವನ್ನು ಮುಚ್ಚಿಟ್ಟು, ಪ್ರತಿಜ್ಞೆಯ ಕೆಳಗೆ ಅಂಚಿನ ವಾಕ್ಯಗಳನ್ನು ಮಾತ್ರ ಸಾಲಾಗಿ ಇಟ್ಟುಕೊಂಡು, ನಡುವೆ ‘ಏಕೆಂದರೆ’ ಎಂಬ ಅವ್ಯಯವನ್ನು ಹಾಕಿ ಓದಬೇಕು. ತೋಪುಗಳನ್ನು ತೆಗೆಸಬೇಕು, ಏಕೆಂದರೆ ಬೇರು ಬೇಸಗೆಯಲ್ಲಿಯೂ ಆಳದ ನೀರನ್ನು ಎಳೆಯುತ್ತದೆ: ಮೂರನೆಯ ಪ್ಯಾರಾ ನಿಂತಿತು. ತೆಗೆಸಬೇಕು, ಏಕೆಂದರೆ ನೀಲಗಿರಿ ಎಣ್ಣೆ ನೆಗಡಿಗೆ ಒಳ್ಳೆಯದು: ಆರನೆಯದು ಬಿತ್ತು. ಅದು ಶುದ್ಧ ಅರ್ಥಾಂತರ. ಅದನ್ನು ತೆಗೆದುಹಾಕಿದರೆ ಪ್ರತಿಜ್ಞೆಗೆ ಯಾವ ಕುಂದೂ ಬಾರದು. ಸಂದೇಹ ಉಳಿದಾಗಲೆಲ್ಲ ಈ ತೆಗೆದು ನೋಡುವ ಪರೀಕ್ಷೆಯೇ ನಿರ್ಣಾಯಕ.

ನಾಲ್ಕನೆಯ ಪ್ಯಾರಾ ಇಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ, ಆದುದರಿಂದಲೇ ಅದು ಹೆಚ್ಚು ಬೋಧಪ್ರದ. ತೋಪುಗಳನ್ನು ತೆಗೆಸಬೇಕು, ಏಕೆಂದರೆ ಕೊಳವೆಬಾವಿಗಳು ಸಾವಿರ ಅಡಿ ಮೀರಿವೆ: ಕಿವಿಗೆ ಇದು ಸರಿಯಾಗಿಯೇ ಕೇಳಿಸುತ್ತದೆ. ಆದರೆ ಪ್ರಮಾಣವನ್ನೂ ಪ್ರತಿಜ್ಞೆಯನ್ನೂ ಜೋಡಿಸುವ ನಿಯಮ ಎಲ್ಲಿದೆ? ನೀಲಗಿರಿಯಿಂದಲೇ ನೀರು ಇಳಿಯಿತು ಎಂಬುದು ಆ ನಿಯಮ, ಅದನ್ನು ವಿದ್ಯಾರ್ಥಿ ಎಲ್ಲಿಯೂ ಹೇಳಿಲ್ಲ. ಜೀವನದಿಯಿಲ್ಲದ ಕೋಲಾರದಲ್ಲಿ ತರಕಾರಿಗೂ ಹಿಪ್ಪುನೇರಳೆಗೂ ಹಗಲಿರುಳು ನೀರೆತ್ತುವ ಕೊಳವೆಬಾವಿಗಳೇ ಅಂತರ್ಜಲ ಇಳಿಯಲು ಕಾರಣವಾಗಿರಬಹುದಲ್ಲವೆ ಎಂದು ಪ್ರತಿವಾದಿ ಕೇಳಿದರೆ ಪ್ಯಾರಾದಲ್ಲಿ ಉತ್ತರವಿಲ್ಲ. ನೀಲಗಿರಿಯಿಲ್ಲದ ಕಡೆಯಲ್ಲಿಯೂ ಕಾಣಬಹುದಾದ ಲಕ್ಷಣವನ್ನು ನೀಲಗಿರಿಯ ಫಲವೆಂದು ಹಿಡಿಯುವ ಇಂಥ ಹೇತುವನ್ನು ತರ್ಕಶಾಸ್ತ್ರ ಸವ್ಯಭಿಚಾರವೆನ್ನುತ್ತದೆ. ಇದನ್ನು ಸರಿಪಡಿಸಲು ಎರಡು ದಾರಿಗಳುಂಟು. ತೋಪಿನ ಸಮೀಪದ ಬಾವಿಗಳಿಗೂ ದೂರದ ಬಾವಿಗಳಿಗೂ ವ್ಯತ್ಯಾಸವಿದೆಯೆಂದು ಪ್ರಮಾಣಸಹಿತ ತೋರಿಸಬಹುದು. ಅದು ಶಕ್ಯವಿಲ್ಲದಿದ್ದರೆ, ‘ಈಗಾಗಲೇ ಇಷ್ಟು ಆಳಕ್ಕಿಳಿದ ಸೀಮೆಯಲ್ಲಿ ನೀರನ್ನು ಎಳೆಯುವ ಇನ್ನೊಂದು ಕಾರಣವನ್ನು ಸಹಿಸಲಾಗದು’ ಎಂದು ಪ್ರತಿಪಾದನೆಯನ್ನು ಇಳಿಸಿಕೊಳ್ಳಬಹುದು. ಎರಡನೆಯದು ವಿದ್ಯಾರ್ಥಿಯ ಶಕ್ತಿಗೆ ನಿಲುಕುವಂಥದು, ಪ್ರಾಮಾಣಿಕವೂ ಹೌದು.

ಐದನೆಯ ಪ್ಯಾರಾ ಪ್ರತಿಜ್ಞೆಗೆ ವಿರುದ್ಧವಾಗಿ ನಿಂತಂತೆ ತೋರುತ್ತದೆ. ರೈತನಿಗೆ ಲಾಭವಿದೆ ಎಂಬುದು ತೋಪನ್ನು ಉಳಿಸಬೇಕೆನ್ನುವವನ ಮಾತು. ಆತುರಪಟ್ಟ ಪರೀಕ್ಷಕನು ಇದನ್ನು ಹೊಡೆದುಹಾಕಿಯಾನು; ಹಾಗೆ ಮಾಡುವುದು ಅನ್ಯಾಯ. ಪೂರ್ವಪಕ್ಷವನ್ನು ಯಥಾವತ್ತಾಗಿ ಮುಂದಿಟ್ಟು ಸಮಾಧಾನ ಹೇಳುವುದು ನಮ್ಮ ಶಾಸ್ತ್ರಗ್ರಂಥಗಳೆಲ್ಲದರ ಪದ್ಧತಿ, ಅದೂ ಪ್ರತಿಜ್ಞೆಯ ಪೋಷಣೆಯೇ. ಇಲ್ಲಿನ ದೋಷ ಪೂರ್ವಪಕ್ಷ ಬಂದುದಲ್ಲ, ಸಮಾಧಾನವಿಲ್ಲದೆ ಬಿಟ್ಟುಹೋದುದು. ‘ಈ ಲಾಭ ನಿಜವಾದುದರಿಂದಲೇ ಪರಿಹಾರವಿಲ್ಲದೆ ತೋಪು ತೆಗೆಯೆನ್ನುವುದು ಸಾಧುವಲ್ಲ’ ಎಂಬ ಒಂದು ವಾಕ್ಯವನ್ನು ಕೊನೆಗೆ ಸೇರಿಸಿದೊಡನೆ, ಎದುರಾಳಿಯಂತಿದ್ದ ಪ್ಯಾರಾ ಪ್ರತಿಜ್ಞೆಯ ಪರಿಹಾರವೆಂಬ ಭಾಗಕ್ಕೆ ಮುಖ್ಯ ಆಧಾರವಾಗಿ ತಿರುಗುತ್ತದೆ. ಎರಡನೆಯ ಪ್ಯಾರಾದ ಇತಿಹಾಸಕ್ಕೂ ಇದೇ ಬಗೆಯ ಗತಿ ಉಂಟು. ಆಸ್ಟ್ರೇಲಿಯಾದ ವೃತ್ತಾಂತ ಪ್ರಕೃತಕ್ಕೆ ಬೇಡ. ಆದರೆ ಸರ್ಕಾರವೇ ಈ ಮರವನ್ನು ರೈತರಲ್ಲಿ ಹರಡಿಸಿತು ಎಂಬ ಸಂಗತಿ, ಪರಿಹಾರದ ಹೊಣೆ ಸರ್ಕಾರದ್ದೇ ಏಕೆ ಎಂಬ ಪ್ರಶ್ನೆಗೆ ನೇರವಾದ ಉತ್ತರ. ಆ ಒಂದು ವಾಕ್ಯವನ್ನು ಐದನೆಯ ಪ್ಯಾರಾಕ್ಕೆ ಒಯ್ದು ಮಿಕ್ಕುದನ್ನು ಬಿಡಬಹುದು.

ಏಳನೆಯ ಪ್ಯಾರಾ ಇಡೀ ವಾದದ ಹೃದಯ, ಅದು ಕಡೆಯಲ್ಲಿ ಅಡಗಿ ಕುಳಿತಿರುವುದೇ ಅದರ ದೋಷ. ಎಂಟನೆಯದರಲ್ಲಿ ಕೆರೆಯ ಹೂಳಿನ ಮಾತು ಸದಾಶಯದ್ದಾದರೂ ಹೊಸ ಪ್ರತಿಜ್ಞೆ. ಅದಕ್ಕೆ ಹಿಂದೆ ಒಂದು ಪ್ರಮಾಣವೂ ಬಂದಿಲ್ಲ, ಮುಂದೆ ಬರಲು ಸ್ಥಳವೂ ಇಲ್ಲ. ಹೀಗೆ ತಿದ್ದಿದ ಪ್ರಬಂಧದಲ್ಲಿ ಎಂಟಕ್ಕೆ ಬದಲು ಆರು ಪ್ಯಾರಾಗಳು ಉಳಿಯುತ್ತವೆ: ಪ್ರತಿಜ್ಞೆ, ನಿಷೇಧವು ಏಕೆ ಸಾಲದು ಎಂಬುದು, ಬೇರಿನ ನೀರೆಳೆತ, ಆ ಸೀಮೆಯ ಅಂತರ್ಜಲದ ಸ್ಥಿತಿ, ರೈತನ ಲಾಭವೆಂಬ ಪೂರ್ವಪಕ್ಷವೂ ಅದರ ಸಮಾಧಾನವೂ ಸರ್ಕಾರದ ಹೊಣೆಯೂ ಕೂಡಿದ ಒಂದು ಪ್ಯಾರಾ, ನಿಗಮನ. ವಿದ್ಯಾರ್ಥಿ ಹೊಸದಾಗಿ ಸಂಗ್ರಹಿಸಬೇಕಾದ ಸಾಮಗ್ರಿ ಅತ್ಯಲ್ಪ. ಬೇಕಾದುದೆಲ್ಲ ಮೊದಲೇ ಅವನಲ್ಲಿ ಇದ್ದಿತು.

ಈ ಕ್ರಮಕ್ಕೂ ಮಿತಿಗಳುಂಟು, ಅವನ್ನು ಹೇಳದೆ ಸಮೀಕ್ಷೆ ಪೂರ್ಣವಾಗದು. ಪ್ರತಿ ಪ್ಯಾರಾದ ಮೊದಲನೆಯ ವಾಕ್ಯವನ್ನಷ್ಟೇ ಓದಿ ಪರೀಕ್ಷೆ ಮುಗಿಸುವವರು ಬೇನನ ವಿಧಿಯನ್ನು ಅಕ್ಷರಶಃ ನಂಬಿದವರು. ಅಮೆರಿಕದ ರಿಚರ್ಡ್ ಬ್ರಾಡಕ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿಯ ಪತ್ರಿಕೆಗಳಲ್ಲಿ ವೃತ್ತಿಲೇಖಕರು ಬರೆದ 25 ಪ್ರಬಂಧಗಳನ್ನು ಪರಿಶೀಲಿಸಿದಾಗ, ವಿಷಯವಾಕ್ಯದಿಂದ ಆರಂಭವಾಗುವ ಪ್ಯಾರಾಗಳು ಶೇ. 13ರಷ್ಟು ಮಾತ್ರ ಎಂದು ತಿಳಿದುಬಂದಿತು. ಆದುದರಿಂದ ಪ್ಯಾರಾವೇನು ಹೇಳುತ್ತದೆ ಎಂಬುದನ್ನು ಇಡೀ ಪ್ಯಾರಾದಿಂದ ತೆಗೆಯಬೇಕೇ ಹೊರತು ಅದರ ತಲೆಯಿಂದಲ್ಲ. ಎರಡನೆಯದಾಗಿ, ಪದವೊಂದರ ಅರ್ಥವನ್ನು ನಿಷ್ಕರ್ಷಿಸುವ ಪ್ಯಾರಾವಾಗಲಿ ಹಿನ್ನೆಲೆ ಕೊಡುವ ಪ್ಯಾರಾವಾಗಲಿ ‘ಏಕೆಂದರೆ’ಯ ಪರೀಕ್ಷೆಯಲ್ಲಿ ನೇರವಾಗಿ ನಿಲ್ಲುವುದಿಲ್ಲ, ಅದಿಲ್ಲದೆ ಮುಂದಿನ ಪ್ಯಾರಾ ಅರ್ಥವಾಗುವುದೇ ಎಂದು ಕೇಳಿ, ಅರ್ಥವಾಗದಿದ್ದರೆ ಅದನ್ನು ಉಳಿಸಬೇಕು. ಮೂರನೆಯದಾಗಿ, ಅಂಚಿನ ವಾಕ್ಯವನ್ನು ಬರೆದವನೇ ಬರೆದರೆ ಕಾಗದದಲ್ಲಿರುವುದಕ್ಕೆ ಬದಲಾಗಿ ಮನಸ್ಸಿನಲ್ಲಿದ್ದುದನ್ನು ಬರೆದುಬಿಡುವ ಸಂಭವ ಹೆಚ್ಚು. ಸಹಪಾಠಿಯೊಬ್ಬನಿಂದ ಬರೆಸಿ, ತನ್ನ ಅಭಿಪ್ರಾಯದೊಡನೆ ಹೋಲಿಸಿಕೊಳ್ಳುವುದು ಕ್ಷೇಮ. ಕಡೆಯದಾಗಿ, ಪ್ರತಿಜ್ಞೆಯೂ ಪ್ಯಾರಾಗಳೂ ಪೂರ್ಣವಾಗಿ ಹೊಂದಿಕೊಂಡ ಪ್ರಬಂಧವೂ ಸುಳ್ಳಾಗಿರಬಹುದು. ಈ ಪರೀಕ್ಷೆ ಬರಹದ ಅಂಗಸಂಬಂಧವನ್ನು ಪರೀಕ್ಷಿಸುತ್ತದೆಯೇ ಹೊರತು, ಬೇರು ನಿಜವಾಗಿಯೂ ಎಷ್ಟು ನೀರನ್ನು ಎಳೆಯುತ್ತದೆ ಎಂಬುದನ್ನಲ್ಲ. ಆ ಎರಡನೆಯ ಪರೀಕ್ಷೆಗೆ ಆಕರಗಳನ್ನೇ ನೋಡಬೇಕು. ಆದರೆ ಯಾವ ಆಕರವನ್ನು ನೋಡಬೇಕೆಂಬುದು ತಿಳಿಯುವುದು ಈ ಮೊದಲನೆಯದು ಮುಗಿದ ಮೇಲೆಯೇ.

ಇಷ್ಟರಿಂದ ಸಿದ್ಧವಾಗುವ ಅಭಿಪ್ರಾಯವಿದು: ವಿದ್ಯಾರ್ಥಿಗಳ ವಾದಪ್ರಬಂಧಗಳು ಕೆಡುವುದು ಬಹುತೇಕ ಸಾಮಗ್ರಿಯ ಅಭಾವದಿಂದಲ್ಲ, ಬರೆಯುವ ಮುನ್ನ ಗೊತ್ತಿಲ್ಲದಿದ್ದ ಪ್ರತಿಜ್ಞೆ ಬರೆದಾದ ಮೇಲೆ ಗೊತ್ತಾದರೂ, ಅದರ ಬೆಳಕಿನಲ್ಲಿ ಬರಹವನ್ನು ಮರಳಿ ನೋಡದಿರುವುದರಿಂದ. ಆದುದರಿಂದ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಕಾಗುಣಿತಕ್ಕೂ ವಾಕ್ಯದೋಷಕ್ಕೂ ಕೆಂಪು ಶಾಯಿಯನ್ನು ಬಳಸುವ ಮೊದಲು, ಪ್ರಬಂಧದ ಕೆಳಗೆ ‘ನೀನು ಸಾಧಿಸಹೊರಟದ್ದು ಇದು ಎಂದು ನಾನು ತಿಳಿದಿದ್ದೇನೆ’ ಎಂದು ಒಂದು ವಾಕ್ಯವನ್ನೂ, ಪ್ರತಿಜ್ಞೆಗೆ ಸೇರದೆ ಉಳಿದ ಪ್ಯಾರಾಗಳ ಅಂಕೆಗಳನ್ನೂ ಬರೆದು ಹಿಂದಿರುಗಿಸಿರಿ; ತಿದ್ದುವ ಕೆಲಸವನ್ನು ವಿದ್ಯಾರ್ಥಿಗೇ ಬಿಡಿರಿ.